5 ವೋಲ್ಟ್ 12 ಆದಾಗ ಆಂಪಿಯರ್ ಎಲ್ಲಿ ಹೋಯಿತು?

ಪವರ್ ಬ್ಯಾಂಕಿನ ಬೆನ್ನಿಗೆ ಸಣ್ಣ ಅಕ್ಷರಗಳಲ್ಲಿ ಅಚ್ಚಾಗಿರುವುದನ್ನು ಓದುವವರು ಕಡಿಮೆ. ಓದಿದರೆ ಅಲ್ಲೊಂದು ಸ್ವಾರಸ್ಯವಿದೆ. 18 ವ್ಯಾಟ್ ಎಂದು ಮಾರುವ ಎಷ್ಟೋ ಪವರ್ ಬ್ಯಾಂಕುಗಳ ಮೇಲೆ ಮೂರು ಜೋಡಿ ಅಂಕಿಗಳಿರುತ್ತವೆ: 5 ವೋಲ್ಟ್‌ಗೆ 3 ಆಂಪಿಯರ್, 9 ವೋಲ್ಟ್‌ಗೆ 2 ಆಂಪಿಯರ್, 12 ವೋಲ್ಟ್‌ಗೆ 1.5 ಆಂಪಿಯರ್. ವೋಲ್ಟ್ ಮೇಲೇರಿದ ಹಾಗೆ ಆಂಪಿಯರ್ ಕೆಳಗಿಳಿಯುತ್ತದೆ. ಪೆಟ್ಟಿಗೆ ಅದೇ, ಒಳಗಿನ ಬ್ಯಾಟರಿಯೂ ಅದೇ. ಹಾಗಿದ್ದರೆ 12 ವೋಲ್ಟ್‌ನಲ್ಲೂ 3 ಆಂಪಿಯರ್ ಏಕೆ ಸಿಗುವುದಿಲ್ಲ?

ಈ ಪ್ರಶ್ನೆ ಮನೆಮನೆಯ ಪ್ರಶ್ನೆಯಾಗಿರುವುದು ವೈಫೈ ರೂಟರ್‌ನಿಂದ. ಲೈಟು ಹೋದಾಗ ಲ್ಯಾಪ್‌ಟಾಪು ತನ್ನ ಬ್ಯಾಟರಿಯಲ್ಲಿ ನಡೆಯುತ್ತದೆ, ಮೊಬೈಲೂ ನಡೆಯುತ್ತದೆ, ರೂಟರ್ ಮಾತ್ರ ಸತ್ತುಹೋಗುತ್ತದೆ. ಅದಕ್ಕೆ ಬೇಕಾದದ್ದು 12 ವೋಲ್ಟ್. ಪವರ್ ಬ್ಯಾಂಕಿನ ಸಾಮಾನ್ಯ ಯುಎಸ್‌ಬಿ ಕಿಂಡಿ ಕೊಡುವುದು 5. ಇವೆರಡರ ನಡುವೆ ಒಂದು ಕೇಬಲ್ ಸಿಗುತ್ತದೆ. ಒಂದು ತುದಿಯಲ್ಲಿ ಯುಎಸ್‌ಬಿ, ಇನ್ನೊಂದು ತುದಿಯಲ್ಲಿ ರೂಟರ್‌ನ ದುಂಡನೆಯ ಪಿನ್ನು, ಮಧ್ಯದಲ್ಲಿ ಹೆಬ್ಬೆರಳಿನಷ್ಟು ಉಬ್ಬು. ಆ ಉಬ್ಬಿನೊಳಗೆ ಇರುವುದೇ ಬೂಸ್ಟ್ ಕನ್ವರ್ಟರ್, ಕಡಿಮೆ ವೋಲ್ಟನ್ನು ಹೆಚ್ಚು ಮಾಡುವ ಪುಟ್ಟ ಸರ್ಕ್ಯೂಟು. ಕೆಲವರ ಮನೆಯಲ್ಲಿ ಇದು ಗಂಟೆಗಟ್ಟಲೆ ಚೆನ್ನಾಗಿ ನಡೆಯುತ್ತದೆ. ಇನ್ನು ಕೆಲವರಲ್ಲಿ ರೂಟರ್‌ನ ದೀಪಗಳೆಲ್ಲ ಒಮ್ಮೆ ಹತ್ತಿ, ಆರಿ, ಮತ್ತೆ ಹತ್ತಿ, ಅದೇ ಆಟ ಆಡುತ್ತಿರುತ್ತದೆ.

ಮೊದಲು ಲೆಕ್ಕ. ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ವ್ಯಾಟ್. ಒಂದು ಕ್ಷಣದಲ್ಲಿ ಎಷ್ಟು ಶಕ್ತಿ ಸಾಗುತ್ತಿದೆ ಎಂಬುದರ ಅಳತೆ ಅದು. ಪವರ್ ಬ್ಯಾಂಕಿನ ಕಿಂಡಿ 5 ವೋಲ್ಟ್‌ನಲ್ಲಿ 2 ಆಂಪಿಯರ್ ಕೊಡಬಲ್ಲದು ಎಂದರೆ 10 ವ್ಯಾಟ್. ಕೇಬಲ್ಲಿನ ಉಬ್ಬಿನಲ್ಲಿ ಶಕ್ತಿ ಹುಟ್ಟುವುದಿಲ್ಲ, ರೂಪ ಬದಲಿಸಿಕೊಂಡು ಹೊರಬೀಳುತ್ತದೆ ಅಷ್ಟೆ. ಒಂದಿಷ್ಟೂ ನಷ್ಟವಿಲ್ಲದಿದ್ದರೆ 10 ವ್ಯಾಟನ್ನು 12ರಿಂದ ಭಾಗಿಸಿ 0.83 ಆಂಪಿಯರ್. ನೂರಕ್ಕೆ ಹನ್ನೆರಡು ಪಾಲು ಬಿಸಿಯಾಗಿ ಹೋಗುತ್ತದೆ ಎಂದುಕೊಂಡರೆ ಉಳಿಯುವುದು 0.73. ರೂಟರ್‌ನ ಅಡಾಪ್ಟರ್ ಮೇಲೆ 12 ವೋಲ್ಟ್ 1 ಆಂಪಿಯರ್ ಎಂದು ಬರೆದಿದ್ದರೂ ಅದು ಗರಿಷ್ಠ ಮಿತಿ; ಸಾಧಾರಣ ರೂಟರ್ ಸುಮ್ಮನೆ ನಡೆಯುವಾಗ ಅರ್ಧ ಆಂಪಿಯರಿನ ಆಸುಪಾಸಿನಲ್ಲಿರುತ್ತದೆ. ಆದ್ದರಿಂದಲೇ ಹೆಚ್ಚಿನವರಿಗೆ ಈ ಕೇಬಲ್ ಒಗ್ಗುತ್ತದೆ.

ಶಕ್ತಿಯ ಲೆಕ್ಕ ಸರಿಯಾದದ್ದೇ. ಆದರೆ ಅದು ಕೊನೆಯಲ್ಲಿ ಏನಾಗುತ್ತದೆ ಎಂದು ಹೇಳುತ್ತದೆಯೇ ಹೊರತು ಹೇಗಾಗುತ್ತದೆ ಎಂದು ಹೇಳುವುದಿಲ್ಲ. ಆಂಪಿಯರ್ ಕಡಿಮೆಯಾಗುವುದು ಎಲ್ಲಿ, ಯಾವ ಜಾಗದಲ್ಲಿ ಎಂದು ನೋಡಬೇಕಾದರೆ ಉಬ್ಬಿನೊಳಗೆ ಇಳಿಯಬೇಕು.

ಅಲ್ಲಿರುವ ಮುಖ್ಯ ಭಾಗಗಳು ನಾಲ್ಕೇ. ಫೆರೈಟ್ ಮೇಲೆ ತಾಮ್ರದ ತಂತಿ ಸುತ್ತಿದ ಸುರುಳಿ. ಚಿಪ್ಪಿನೊಳಗಿನ ಒಂದು ಎಲೆಕ್ಟ್ರಾನಿಕ್ ಸ್ವಿಚ್ಚು. ಒಂದೇ ದಿಕ್ಕಿಗೆ ಕರೆಂಟ್ ಬಿಡುವ ಡಯೋಡ್. ಹೊರಬಾಗಿಲಲ್ಲಿ ಒಂದು ಕೆಪಾಸಿಟರ್. 5 ವೋಲ್ಟ್ ಮೊದಲು ಸುರುಳಿಗೆ ಬರುತ್ತದೆ. ಸುರುಳಿಯ ಆಚೆ ತುದಿಯಿಂದ ದಾರಿ ಎರಡಾಗಿ ಒಡೆಯುತ್ತದೆ. ಒಂದು, ಸ್ವಿಚ್ಚಿನ ಮೂಲಕ ಸೀದಾ ಗ್ರೌಂಡಿಗೆ. ಇನ್ನೊಂದು, ಡಯೋಡಿನ ಮೂಲಕ ಕೆಪಾಸಿಟರಿಗೆ ಮತ್ತು ರೂಟರಿಗೆ.

ಸುರುಳಿಗೆ ಒಂದು ಹಟವಿದೆ. ತನ್ನಲ್ಲಿ ಹರಿಯುವ ಕರೆಂಟ್ ತಟ್ಟನೆ ಏರುವುದನ್ನೂ ಅದು ಒಪ್ಪುವುದಿಲ್ಲ, ತಟ್ಟನೆ ನಿಲ್ಲುವುದನ್ನೂ ಒಪ್ಪುವುದಿಲ್ಲ. ಸ್ವಿಚ್ಚು ಆನ್ ಆದಾಗ ಸುರುಳಿಯ ಎರಡು ತುದಿಗಳ ನಡುವೆ ಇಡೀ 5 ವೋಲ್ಟ್ ನಿಲ್ಲುತ್ತದೆ, ಕರೆಂಟ್ ನಿಧಾನವಾಗಿ ಏರತೊಡಗುತ್ತದೆ. ಆ ಹೊತ್ತಿನಲ್ಲಿ ಅದು ರೂಟರಿಗೆ ಹೋಗುವುದಿಲ್ಲ. ಸ್ವಿಚ್ಚಿನಲ್ಲಿ ಇಳಿದು ಮೂಲಕ್ಕೇ ಮರಳುತ್ತದೆ. ಹಾಗೆಂದು ವ್ಯರ್ಥವಾಗುತ್ತಿಲ್ಲ, ಶಕ್ತಿ ಸುರುಳಿಯ ಕಾಂತಕ್ಷೇತ್ರದಲ್ಲಿ ಕೂಡಿಕೊಳ್ಳುತ್ತಿದೆ. ಆಮೇಲೆ ಸ್ವಿಚ್ಚು ಆಫ್ ಆಗುತ್ತದೆ. ಗ್ರೌಂಡಿನ ದಾರಿ ಮುಚ್ಚಿತು, ಆದರೆ ಸುರುಳಿ ಕರೆಂಟನ್ನು ನಿಲ್ಲಿಸಲು ಒಲ್ಲದು. ಅದರ ತುದಿಯ ವೋಲ್ಟ್ ತಾನಾಗಿ ಮೇಲೆದ್ದು, ಡಯೋಡನ್ನು ದೂಡಿ ತೆರೆದು, ಆಗಲೇ 12 ವೋಲ್ಟ್‌ನಲ್ಲಿರುವ ಕೆಪಾಸಿಟರಿನೊಳಕ್ಕೆ ಕರೆಂಟನ್ನು ನುಗ್ಗಿಸುತ್ತದೆ. ಸ್ವಿಚ್ಚು ಮತ್ತೆ ಆನ್ ಆದಾಗ ಡಯೋಡ್ ಮುಚ್ಚಿಕೊಳ್ಳುತ್ತದೆ, ಅಷ್ಟು ಹೊತ್ತು ರೂಟರನ್ನು ಕೆಪಾಸಿಟರ್ ಒಂದೇ ಸಾಕುತ್ತದೆ.

ಇದೇ ಕೆಲಸವನ್ನು ನೀರಿನಲ್ಲಿ ಮಾಡುವ ಯಂತ್ರ ಬೂಸ್ಟ್ ಕನ್ವರ್ಟರಿಗಿಂತ ಬಹಳ ಹಳೆಯದು. ಬಿಸಿಗಾಳಿ ಬಲೂನಿಗೆ ಹೆಸರಾದ ಫ್ರಾನ್ಸಿನ ಸೋದರರಲ್ಲಿ ಒಬ್ಬನಾದ ಜೋಸೆಫ್ ಮಾಂಟ್‌ಗೋಲ್ಫಿಯೇ 1796ರಲ್ಲಿ ತಾನಾಗಿ ನಡೆಯುವ ಹೈಡ್ರಾಲಿಕ್ ರ‍್ಯಾಮ್ ರೂಪಿಸಿದ. ಇಳಿಜಾರಿನ ಕೊಳವೆಯಲ್ಲಿ ನೀರು ರಭಸ ಪಡೆದು ಹೊರಗೆ ಚೆಲ್ಲುತ್ತಿರುವಾಗ ಒಂದು ಕವಾಟ ತಟಕ್ಕನೆ ಮುಚ್ಚುತ್ತದೆ. ನಿಲ್ಲಲಾರದ ನೀರು ಇನ್ನೊಂದು ಕವಾಟವನ್ನು ದೂಡಿಕೊಂಡು ಗುಡ್ಡದ ಮೇಲಿನ ತೊಟ್ಟಿಗೆ ಏರುತ್ತದೆ. ಕೊಳವೆಯೇ ಸುರುಳಿ, ಚೆಲ್ಲುವ ಕವಾಟವೇ ಸ್ವಿಚ್ಚು, ಏರುವ ದಾರಿಯ ಕವಾಟವೇ ಡಯೋಡ್. ತೊಟ್ಟಿ ಎತ್ತರದಲ್ಲಿದ್ದಷ್ಟೂ ಪ್ರತಿ ಹೊಡೆತಕ್ಕೆ ಅಲ್ಲಿಗೆ ತಲಪುವ ನೀರು ಕಡಿಮೆ. ಏಕೆಂದರೆ ಎತ್ತರದ ಎದುರೊತ್ತಡಕ್ಕೆ ಕೊಳವೆಯ ನೀರಿನ ರಭಸ ಬೇಗ ಇಳಿದುಹೋಗುತ್ತದೆ.

ಈ ‘ಬೇಗ ಇಳಿದುಹೋಗುವುದು’ ಎಂಬುದರಲ್ಲೇ ಉತ್ತರವಿದೆ. ನಮ್ಮ ಸುರುಳಿಗೆ ಮರಳಿ, ಡಯೋಡಿನ ಸಣ್ಣ ನಷ್ಟವನ್ನು ಸದ್ಯಕ್ಕೆ ಮರೆತು ನೋಡೋಣ. ಸ್ವಿಚ್ಚು ಆನ್ ಇದ್ದಾಗ ಸುರುಳಿಯ ಮೇಲೆ 5 ವೋಲ್ಟ್, ಕರೆಂಟ್ ಏರುತ್ತದೆ. ಆಫ್ ಆದಾಗ ಒಂದು ತುದಿ 5ರಲ್ಲಿ, ಇನ್ನೊಂದು 12ರಲ್ಲಿ. ಅಂದರೆ ಸುರುಳಿಯ ಮೇಲೆ ಹಿಮ್ಮುಖವಾಗಿ 7 ವೋಲ್ಟ್, ಕರೆಂಟ್ ಇಳಿಯುತ್ತದೆ. ಯಂತ್ರ ಒಂದೇ ಸಮನಾಗಿ ನಡೆಯಬೇಕಾದರೆ ಏರಿದಷ್ಟೇ ಇಳಿಯಬೇಕು. ಇಳಿಸುವ ಒತ್ತಡ 7, ಏರಿಸುವುದು 5. ಆದ್ದರಿಂದ ಒಂದು ಸುತ್ತಿನ ಸಮಯವನ್ನು 12 ಪಾಲು ಮಾಡಿದರೆ 7 ಪಾಲು ಆನ್, 5 ಪಾಲು ಆಫ್ ಇರಬೇಕಾಗುತ್ತದೆ. 5 ವೋಲ್ಟ್ 7 ಪಾಲು, 7 ವೋಲ್ಟ್ 5 ಪಾಲು: ಎರಡೂ 35, ತಕ್ಕಡಿ ಸಮ.

ರೂಟರಿಗೆ ಕರೆಂಟ್ ಹೋಗುವುದು ಆಫ್ ಪಾಲಿನಲ್ಲಿ ಮಾತ್ರ. ಸುರುಳಿಯಲ್ಲಿ ಸರಾಸರಿ 2 ಆಂಪಿಯರ್ ಸದಾ ಹರಿಯುತ್ತಿದ್ದರೂ ರೂಟರಿಗೆ ಅದರ ಹನ್ನೆರಡರಲ್ಲಿ ಐದಂಶ, 0.83 ಆಂಪಿಯರ್. ಶಕ್ತಿಯ ಲೆಕ್ಕದಿಂದ ಬಂದ ಉತ್ತರವೇ ಇಲ್ಲಿ ಗಡಿಯಾರದಿಂದ ಬಂತು. ಈಗ 24 ವೋಲ್ಟ್ ಬೇಕು ಎನ್ನಿ. ಹಿಮ್ಮುಖ ಒತ್ತಡ 19 ಆಗುತ್ತದೆ. ಅದೇ ಸುತ್ತನ್ನು 24 ಪಾಲು ಮಾಡಿದರೆ 19 ಪಾಲು ಆನ್, ಆಫ್ ಉಳಿದ 5 ಪಾಲು. ಅದೇ 2 ಆಂಪಿಯರಿನಲ್ಲಿ ಹೊರಗೆ ಸಿಗುವುದು 0.42. ಬರೀ 9 ವೋಲ್ಟ್ ಸಾಕೆಂದರೆ ಒಂಬತ್ತರಲ್ಲಿ ಐದು ಪಾಲು ರೂಟರಿನದು, 1.11 ಆಂಪಿಯರ್. ವೋಲ್ಟ್ ಏರಿಸಿದಷ್ಟೂ ಸುರುಳಿ ಹೆಚ್ಚು ಹೊತ್ತು ತನ್ನನ್ನು ತುಂಬಿಕೊಳ್ಳುವುದರಲ್ಲಿ ಕಳೆಯಬೇಕು, ಕಡಿಮೆ ಹೊತ್ತು ಕೊಡಬೇಕು. ಸೂತ್ರ ಬೇಕಾದವರಿಗೆ: ಒಳಬರುವ ವೋಲ್ಟನ್ನು ಆಫ್ ಪಾಲಿನಿಂದ ಭಾಗಿಸಿದರೆ ಹೊರವೋಲ್ಟ್, ಸುರುಳಿಯ ಕರೆಂಟನ್ನು ಅದೇ ಪಾಲಿನಿಂದ ಗುಣಿಸಿದರೆ ಹೊರಕರೆಂಟ್. ಒಂದೇ ಸಂಖ್ಯೆ ಎರಡೂ ಕಡೆ ಕೆಲಸ ಮಾಡುವುದು ಈ ಸರ್ಕ್ಯೂಟಿನ ಸೊಗಸು.

ಮಾರುಕಟ್ಟೆಯಲ್ಲಿ ಜನ ಎಡವುವುದು ಇಲ್ಲೇ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಭಾಗ ಮಾರುವ ಅಂಗಡಿಗಳಲ್ಲಿ ನೀಲಿ ಬಣ್ಣದ ಪುಟ್ಟ ಬೂಸ್ಟ್ ಮಾಡ್ಯೂಲ್ ಅಗ್ಗಕ್ಕೆ ಸಿಗುತ್ತದೆ. ಅದರ ಮೇಲಿನ ಚಿಪ್ಪು ಎಂಟಿ3608. 2 ವೋಲ್ಟ್‌ನಿಂದ 24 ವೋಲ್ಟ್‌ವರೆಗೆ ಒಳಗೆ ಕೊಡಬಹುದು, 28 ವೋಲ್ಟ್‌ವರೆಗೆ ಹೊರಗೆ ಪಡೆಯಬಹುದು, ಜತೆಗೆ ‘2 ಆಂಪಿಯರ್’ ಎಂಬ ಬಿರುದು. ಓದಿದವರು 28 ವೋಲ್ಟ್‌ನಲ್ಲಿ 2 ಆಂಪಿಯರ್ ಸಿಗುತ್ತದೆ ಎಂದೇ ತಿಳಿಯುತ್ತಾರೆ. ಅದು 56 ವ್ಯಾಟ್. ಅಕ್ಕಿಕಾಳಿಗಿಂತ ಹೆಚ್ಚು ದೊಡ್ಡದಲ್ಲದ ಚಿಪ್ಪಿನಿಂದ ಅದನ್ನು ಬಯಸುವುದು ತಮಾಷೆ. ಚಿಪ್ಪಿನ ಮಾಹಿತಿ ಹಾಳೆ ಹೇಳುವ ಮಿತಿ ಬೇರೆಯೇ: ಒಳಗಿನ ಸ್ವಿಚ್ಚಿನಲ್ಲಿ ಕರೆಂಟ್ 4 ಆಂಪಿಯರ್ ಮುಟ್ಟಿದ ಕೂಡಲೇ ಅದು ಕತ್ತರಿಸಿಕೊಳ್ಳುತ್ತದೆ. ಸ್ವಿಚ್ಚಿನ ಕರೆಂಟ್ ಎಂದರೆ ಸುರುಳಿಯ ಕರೆಂಟ್, ಸುರುಳಿಯ ಕರೆಂಟ್ ಎಂದರೆ ಒಳಬರುವ ಕರೆಂಟ್. ಬೂಸ್ಟ್ ಕನ್ವರ್ಟರಿನ ನಿಜವಾದ ಮಿತಿ ಯಾವಾಗಲೂ ಒಳಬದಿಯದು. ಹೊರಗೆ ಎಷ್ಟು ಸಿಗುತ್ತದೆ ಎಂಬುದು ನೀವು ಎಷ್ಟು ಪಟ್ಟು ಏರಿಸುತ್ತೀರಿ ಎಂಬುದನ್ನು ಹೇಳುವವರೆಗೆ ತೀರ್ಮಾನವಾಗದ ಮಾತು.

ಕಾಗದದ ಮೇಲೆ 4 ಆಂಪಿಯರಿನ ಹನ್ನೆರಡರಲ್ಲಿ ಐದಂಶ ಎಂದರೆ 12 ವೋಲ್ಟ್‌ನಲ್ಲಿ 1.67 ಆಂಪಿಯರ್. ಆದರೆ ಬಿಸಿ ಅಲ್ಲಿಗೆ ಹೋಗಲು ಬಿಡುವುದಿಲ್ಲ. ಸ್ವಿಚ್ಚಿನ ರೋಧ 0.08 ಓಮ್, 4 ಆಂಪಿಯರ್ ಆನ್ ಹೊತ್ತಿನಲ್ಲಿ ಹರಿದರೆ ಅದೊಂದರಲ್ಲೇ ಮುಕ್ಕಾಲು ವ್ಯಾಟಿನಷ್ಟು ಬಿಸಿ. ಸೆಕೆಂಡಿಗೆ 12 ಲಕ್ಷ ಬಾರಿ ಆನ್-ಆಫ್ ಆಗುವಾಗ ಪ್ರತಿ ಬದಲಾವಣೆಯಲ್ಲೂ ಸೋರುವ ಶಕ್ತಿ, ಡಯೋಡಿನಲ್ಲಿ ಬೀಳುವ 0.4 ವೋಲ್ಟ್, ಸುರುಳಿಯ ತಂತಿ, ಇವು ಬೇರೆ. ಕರೆಂಟ್ ಅರ್ಧವಾದರೆ ರೋಧದ ಬಿಸಿ ಕಾಲುಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಈ ಮಾಡ್ಯೂಲಿನ ಒಳಕರೆಂಟನ್ನು 2 ಆಂಪಿಯರಿಗೆ ಸೀಮಿತ ಎಂದುಕೊಂಡು ಲೆಕ್ಕ ಹಾಕುವುದು ನನ್ನ ಮಟ್ಟಿಗೆ ಸರಿಯಾದ ಕ್ರಮ. ‘2 ಆಂಪಿಯರ್’ ಎಂಬ ಬಿರುದನ್ನು ಒಳಬದಿಗೆ ಓದಿಕೊಂಡರೆ ಅದು ಸುಳ್ಳೂ ಅಲ್ಲ.

ಇಷ್ಟು ಹೊತ್ತು ಒಳಗಿನ ವೋಲ್ಟ್ ಅಲುಗಾಡದೆ ನಿಂತಿದೆ ಎಂದುಕೊಂಡೆವು. ಪಟ್ಟು ಹೆಚ್ಚಿದಂತೆ ಕಾಟ ಕೊಡುವುದು ಅದು ಅಲುಗಾಡುವುದೇ. ಪವರ್ ಬ್ಯಾಂಕ್ ಬಿಟ್ಟು ಒಂದು ಲಿಥಿಯಂ ಸೆಲ್ಲಿಗೇ ಮಾಡ್ಯೂಲ್ ಬೆಸೆದು 12 ವೋಲ್ಟ್ ಪಡೆಯುವ ಹವ್ಯಾಸಿಗಳಿದ್ದಾರೆ. ಸೆಲ್ ತುಂಬಿದಾಗ 4.2 ವೋಲ್ಟ್, ಬಹುಕಾಲ 3.7ರ ಆಸುಪಾಸು, ಬರಿದಾಗುವ ಹೊತ್ತಿಗೆ 3. ರೂಟರಿಗೆ ಇದರ ಪರಿವೆಯಿಲ್ಲ, ಅದಕ್ಕೆ 12 ವೋಲ್ಟ್‌ನಲ್ಲಿ ಅರ್ಧ ಆಂಪಿಯರ್, ಅಂದರೆ 6 ವ್ಯಾಟ್ ಬೇಕೇ ಬೇಕು. ಸೆಲ್ ಇಳಿದಷ್ಟೂ ಕನ್ವರ್ಟರ್ ಹೆಚ್ಚು ಕರೆಂಟ್ ಎಳೆಯುತ್ತದೆ. ಹೆಚ್ಚು ಎಳೆದಷ್ಟೂ ಸೆಲ್ಲಿನ ಒಳರೋಧದಲ್ಲಿ, ತಂತಿಗಳಲ್ಲಿ ಹೆಚ್ಚು ವೋಲ್ಟ್ ಬಿದ್ದುಹೋಗುತ್ತದೆ, ಆ ಕೊರತೆಯನ್ನು ತುಂಬಲು ಅದು ಇನ್ನೂ ಎಳೆಯುತ್ತದೆ.

ಒಂದು ಉದಾಹರಣೆ ಹಿಡಿಯೋಣ. ಸೆಲ್ಲು, ತಂತಿ, ಸುರುಳಿ ಎಲ್ಲ ಸೇರಿ ದಾರಿಯ ರೋಧ 0.24 ಓಮ್, ಸೆಲ್ 3 ವೋಲ್ಟ್‌ನಲ್ಲಿದೆ. ರೋಧವಿಲ್ಲದಿದ್ದರೆ 6 ವ್ಯಾಟಿಗೆ 2 ಆಂಪಿಯರ್ ಸಾಕಿತ್ತು, ಈಗ 2.5 ಬೇಕಾಗುತ್ತದೆ, ಸೆಲ್ ಕೊಡುವ 7.5 ವ್ಯಾಟಿನಲ್ಲಿ ಒಂದೂವರೆ ದಾರಿಯಲ್ಲೇ ಬಿಸಿಯಾಗುತ್ತದೆ. ಆದರೂ ನಡೆಯುತ್ತದೆ. ಈಗ ಯಾರೋ ದೊಡ್ಡದೊಂದು ಡೌನ್‌ಲೋಡ್ ಶುರುಮಾಡಿ ರೂಟರ್ ಒಂದು ಆಂಪಿಯರ್, 12 ವ್ಯಾಟ್ ಕೇಳಿತು ಎನ್ನಿ. 3 ವೋಲ್ಟ್ ಮೂಲದಿಂದ 0.24 ಓಮ್ ದಾಟಿ ಆಚೆ ಕಡೆಗೆ ಒಯ್ಯಬಹುದಾದ ಅತಿ ಹೆಚ್ಚು ಶಕ್ತಿ 9.4 ವ್ಯಾಟ್ ಮಾತ್ರ, ಅದೂ ಅರ್ಧ ವೋಲ್ಟೆಲ್ಲ ದಾರಿಯಲ್ಲೇ ಕಳೆದುಹೋಗುವ ಹೊತ್ತಿಗೆ. 12 ವ್ಯಾಟ್ ಯಾವ ಚಿಪ್ಪಿನಿಂದಲೂ ಸಾಧ್ಯವಿಲ್ಲ. ಹೊರವೋಲ್ಟ್ ಕುಸಿಯುವುದನ್ನು ಕಂಡ ಚಿಪ್ಪು ಆನ್ ಪಾಲನ್ನು ಹೆಚ್ಚಿಸುತ್ತದೆ, ಸಾಮಾನ್ಯವಾಗಿ ಅದೇ ಮದ್ದು. ಆದರೆ ಈ ಗೆರೆ ದಾಟಿದ ಮೇಲೆ ಮದ್ದೇ ವಿಷ: ಆನ್ ಹೆಚ್ಚಾದರೆ ಎಳೆತ ಹೆಚ್ಚು, ದಾರಿಯ ನಷ್ಟ ಹೆಚ್ಚು, ಕೊಡುವ ಸಮಯ ಕಡಿಮೆ, ಹೊರವೋಲ್ಟ್ ಇನ್ನೂ ಕೆಳಗೆ. ಕರೆಂಟ್ ಮಿತಿ ಅಡ್ಡಬಂದು ತಡೆಯುತ್ತದೆ, ರೂಟರ್ ಆರುತ್ತದೆ; ಆರಿದಾಗ ಭಾರ ಇಳಿಯಿತು, ವೋಲ್ಟ್ ಚೇತರಿಸಿಕೊಂಡಿತು, ರೂಟರ್ ಮತ್ತೆ ಹತ್ತಿತು. ದೀಪಗಳ ಆ ಆಟ ಇದೇ.

ಯುಎಸ್‌ಬಿ ಕೇಬಲ್ಲಿನಲ್ಲೂ ಇದೇ ಕತೆ, ಸ್ವಲ್ಪ ಸೌಮ್ಯವಾಗಿ. ಸಪೂರ ತಂತಿಯ ಕೇಬಲ್ಲಿನಲ್ಲಿ ಹೋಗಿಬರುವ ದಾರಿ ಸೇರಿ ಕಾಲು ಓಮ್ ರೋಧವಿದ್ದರೆ, ಅರ್ಧ ಆಂಪಿಯರಿನ ರೂಟರಿಗಾಗಿ ಪವರ್ ಬ್ಯಾಂಕಿನಿಂದ ಒಂದೂವರೆ ಆಂಪಿಯರಿನಷ್ಟು ಹೋಗುತ್ತದೆ, ಉಬ್ಬಿನ ಬಾಯಿಗೆ ತಲಪುವುದು 5 ಅಲ್ಲ, 4.6 ವೋಲ್ಟ್. ರೂಟರ್ ಒಂದು ಆಂಪಿಯರ್ ಕೇಳಿದರೆ 4.2 ವೋಲ್ಟ್‌ಗೆ ಇಳಿದು 3.25 ಆಂಪಿಯರ್ ಬೇಕಾಗುತ್ತದೆ. 2 ಆಂಪಿಯರಿನ ಕಿಂಡಿ ಅದಕ್ಕೂ ಮೊದಲೇ ಕೈಚೆಲ್ಲುತ್ತದೆ.

ತಪ್ಪು ಎಲ್ಲಿದೆ ಎಂದು ತಿಳಿಯಲು ಒಂದು ಸಾಧಾರಣ ಮಲ್ಟಿಮೀಟರ್ ಸಾಕು, ಆದರೆ ಅಳೆಯುವ ಜಾಗ ಮುಖ್ಯ. ಎಲ್ಲರೂ ಹೊರಬದಿ ಅಳೆಯುತ್ತಾರೆ. ರೂಟರ್ ಜೋಡಿಸದೆ ಅಳೆದು 12 ಕಂಡು ಸಮಾಧಾನಪಡುತ್ತಾರೆ. ಭಾರವಿಲ್ಲದೆ ಎಂಥ ಕಳಪೆ ಕನ್ವರ್ಟರೂ 12 ತೋರಿಸುತ್ತದೆ. ರೂಟರ್ ನಡೆಯುತ್ತಿರುವಾಗಲೇ ಮಾಡ್ಯೂಲಿನ ಒಳಬಾಯಿಯಲ್ಲಿ ಅಳೆಯಬೇಕು. ಹೊರವೋಲ್ಟ್ ಕುಸಿಯುವಾಗ ಒಳವೋಲ್ಟೂ 4.5ರ ಕೆಳಗೆ ಜಾರಿದರೆ ದೋಷ ಕೇಬಲ್ಲಿನದು ಅಥವಾ ಪವರ್ ಬ್ಯಾಂಕಿನದು. ಒಳಗೆ 5 ಗಟ್ಟಿಯಾಗಿ ನಿಂತಿದ್ದೂ ಹೊರಗೆ ಕುಸಿದರೆ ಕನ್ವರ್ಟರ್ ತನ್ನ ಕರೆಂಟ್ ಮಿತಿ ಮುಟ್ಟಿದೆ. ಇನ್ನೊಂದು ವಿಚಿತ್ರ ಓದು ಬರುವುದುಂಟು: ಒಳಗೆ 5, ಹೊರಗೆ 4.6. ಸ್ವಿಚ್ಚು ಕುಣಿಯುವುದನ್ನೇ ನಿಲ್ಲಿಸಿದೆ ಎಂದರ್ಥ. ಸುರುಳಿ ಮತ್ತು ಡಯೋಡಿನ ದಾರಿ ಸದಾ ತೆರೆದೇ ಇರುವುದರಿಂದ ಒಳವೋಲ್ಟ್ ಡಯೋಡಿನ 0.4 ಕಳೆದುಕೊಂಡು ಸೀದಾ ಹೊರಬರುತ್ತದೆ. ಈ ತೆರೆದ ದಾರಿ ಅಪಾಯವೂ ಹೌದು. ಹೊರತುದಿ ಶಾರ್ಟ್ ಆದರೆ ಸ್ವಿಚ್ಚಿಗೆ ಅದನ್ನು ತಡೆಯುವ ಶಕ್ತಿಯೇ ಇಲ್ಲ. ರಕ್ಷಣಾ ಸರ್ಕ್ಯೂಟಿಲ್ಲದ ಬರಿಯ ಲಿಥಿಯಂ ಸೆಲ್ಲಿಗೆ ಬೆಸೆದಿದ್ದರೆ ಡಯೋಡು ಸುಡುತ್ತದೆ, ಸೆಲ್ಲೂ ಅಪಾಯಕ್ಕೆ ಬೀಳುತ್ತದೆ. ನಡುವೆ ಒಂದು ಫ್ಯೂಸ್ ಇರಲೇಬೇಕು.

ಎಷ್ಟು ಹೊತ್ತು ನಡೆಯುತ್ತದೆ ಎಂಬ ಪ್ರಶ್ನೆಗೂ ಇದೇ ಲೆಕ್ಕ. ಪವರ್ ಬ್ಯಾಂಕಿನ ಮೇಲಿನ ‘10,000 ಎಂಎಎಚ್’ ಒಳಗಿನ ಸೆಲ್ಲಿನ 3.7 ವೋಲ್ಟ್‌ನಲ್ಲಿ ಹೇಳಿದ ಮಾತು, ಅಂದರೆ 37 ವ್ಯಾಟ್-ಗಂಟೆ. ಪವರ್ ಬ್ಯಾಂಕಿನೊಳಗೇ ಒಂದು ಬೂಸ್ಟ್ ಕನ್ವರ್ಟರ್ 3.7ನ್ನು 5 ಮಾಡುತ್ತದೆ, ಕೇಬಲ್ಲಿನ ಉಬ್ಬು 5ನ್ನು 12 ಮಾಡುತ್ತದೆ. ಎರಡು ಕಡೆ ತೆರಿಗೆ ಕಟ್ಟಿ ಉಳಿಯುವುದು ಸುಮಾರು 29 ವ್ಯಾಟ್-ಗಂಟೆ. 12 ವೋಲ್ಟ್‌ನಲ್ಲಿ ಹೇಳುವುದಾದರೆ 2,400 ಎಂಎಎಚ್. ಅರ್ಧ ಆಂಪಿಯರಿನ ರೂಟರ್ ಐದು ಗಂಟೆಗೆ ತುಸು ಕಡಿಮೆ ನಡೆಯುತ್ತದೆ. ಹತ್ತು ಸಾವಿರ ಎರಡು ಸಾವಿರದ ನಾನೂರಾದದ್ದರಲ್ಲಿ ದೊಡ್ಡ ಪಾಲು ನಷ್ಟವಲ್ಲ, ವೋಲ್ಟ್ ಏರಿದ್ದಕ್ಕೆ ಆಂಪಿಯರ್ ಇಳಿದದ್ದು.

ಪರಿಹಾರ ಬೇಕಾದವರು ಪಟ್ಟನ್ನು ಕಡಿಮೆ ಮಾಡಬೇಕು, ಇಲ್ಲವೇ ದಾರಿಯ ರೋಧವನ್ನು. ಗಿಡ್ಡನೆಯ ದಪ್ಪ ತಂತಿಯ ಕೇಬಲ್ ಅಗ್ಗದ ಮೊದಲ ಹೆಜ್ಜೆ. ಪವರ್ ಬ್ಯಾಂಕಿನ ಮೇಲೆ 12 ವೋಲ್ಟ್ 1.5 ಆಂಪಿಯರ್ ಎಂದಿದ್ದರೆ ಉಬ್ಬಿನ ಕೇಬಲ್ ಬೇಡವೇ ಬೇಡ. ಪವರ್ ಬ್ಯಾಂಕಿಗೆ 12 ವೋಲ್ಟ್ ಕೊಡೆಂದು ಸಂಕೇತ ಕಳಿಸುವ ಟ್ರಿಗರ್ ಕೇಬಲ್ ಸಿಗುತ್ತದೆ. ಏರಿಸುವ ಕೆಲಸ ಆಗಲೂ ನಡೆಯುತ್ತದೆ, ಆದರೆ ಸೆಲ್ಲಿನ ಪಕ್ಕದಲ್ಲೇ, ದೊಡ್ಡ ಸುರುಳಿಯಲ್ಲಿ, ಒಂದೇ ಹಂತದಲ್ಲಿ. ಆಮೇಲೆ ಕೇಬಲ್ಲಿನಲ್ಲಿ ಹರಿಯುವುದು ಒಂದೂವರೆ ಆಂಪಿಯರ್ ಅಲ್ಲ, ರೂಟರಿನ ಅರ್ಧ ಆಂಪಿಯರ್ ಮಾತ್ರ. ಸ್ವತಃ ಬೆಸೆಯುವವರು ಒಂದರ ಬದಲು ಮೂರು ಸೆಲ್ ಸಾಲಾಗಿ ಜೋಡಿಸಿದರೆ 11.1 ವೋಲ್ಟ್‌ನಿಂದ ಶುರುವಾಗುತ್ತದೆ, ಆದರೆ ಆ ಜೋಡಣೆ ತುಂಬಿದಾಗ 12.6 ಆಗುತ್ತದೆ. ಬರಿಯ ಬೂಸ್ಟ್‌ಗೆ ವೋಲ್ಟ್ ಇಳಿಸಲು ಬಾರದು. ಏರಿಸಲೂ ಇಳಿಸಲೂ ಬಲ್ಲ ಬಕ್-ಬೂಸ್ಟ್ ಮಾಡ್ಯೂಲ್ ತರಬೇಕಾಗುತ್ತದೆ.

ದೊಡ್ಡ ಯಂತ್ರಗಳಲ್ಲೂ ಎಂಜಿನಿಯರುಗಳು ಪಟ್ಟನ್ನು ಹಿಡಿತದಲ್ಲೇ ಇಡುತ್ತಾರೆ. ಟೊಯೋಟಾದ ಎರಡನೇ ತಲೆಮಾರಿನ ಪ್ರಿಯಸ್ ಹೈಬ್ರಿಡ್ ಕಾರಿನಲ್ಲಿ ಬ್ಯಾಟರಿ 201.6 ವೋಲ್ಟ್‌ನದು, ಮೋಟಾರಿಗಾಗಿ ಅದನ್ನು ಬೂಸ್ಟ್ ಕನ್ವರ್ಟರ್ ಗರಿಷ್ಠ 500 ವೋಲ್ಟ್‌ಗೆ ಏರಿಸುತ್ತದೆ. ಎರಡೂವರೆ ಪಟ್ಟು, ನಮ್ಮ ರೂಟರ್ ಕೇಬಲ್ಲಿನ 5ರಿಂದ 12ಕ್ಕಿಂತ ತುಸುವೇ ಹೆಚ್ಚು. ಹತ್ತಿಪ್ಪತ್ತು ಪಟ್ಟು ಬೇಕೆನ್ನುವ ಕಡೆ ಒಂಟಿ ಸುರುಳಿಯನ್ನು ಬಿಟ್ಟು, ಒಂದೇ ಫೆರೈಟಿನ ಮೇಲೆ ಎರಡು ಸುತ್ತು ಹಾಕಿದ ಟ್ರಾನ್ಸ್‌ಫಾರ್ಮರಿಗೆ ಹೋಗುತ್ತಾರೆ. ಅಲ್ಲಿ ಪಟ್ಟಿನ ಬಹುಪಾಲನ್ನು ಸುತ್ತುಗಳ ಎಣಿಕೆ ಹೊರುತ್ತದೆ, ಆನ್-ಆಫ್ ಪಾಲು ಅರ್ಧರ್ಧದ ಆಸುಪಾಸಿನಲ್ಲಿ ಆರಾಮಾಗಿರುತ್ತದೆ. ಹೊರಗಿನ ಆಂಪಿಯರ್ ಅಲ್ಲೂ ಅಷ್ಟೇ ಪಟ್ಟು ಇಳಿಯುತ್ತದೆ. ಉಳಿಯುವುದು ವಿಪರೀತ ಆನ್ ಪಾಲು ತರುತ್ತಿದ್ದ ನಷ್ಟ ಮಾತ್ರ.